ಜಾರಿದ ಗರ್ಭಕೋಶಕ್ಕೆ ಒಂದು ರಿಂಗ್

ರಿಂಗ್ ಪೆಸರಿ ಎಂದರೆ ಜಾರಿದ ಗರ್ಭಕೋಶವನ್ನು ಒಳಗೇ ಹಿಡಿದು ನಿಲ್ಲಿಸಲು ಯೋನಿಯೊಳಗೆ ಇಡುವ, ಬಳೆಯಂಥ ಒಂದು ಉಂಗುರ. ಆಸ್ಪತ್ರೆಗಳಲ್ಲಿ ಇದನ್ನು ಬರೀ ರಿಂಗ್ ಎನ್ನುತ್ತಾರೆ. ಮಕ್ಕಳಾಗದಂತೆ ಹಾಕುವ ವಂಕಿಗೂ ಇದಕ್ಕೂ ಸಂಬಂಧವಿಲ್ಲ. ವಂಕಿ ಗರ್ಭಕೋಶದ ಒಳಗೆ ಕೂರುತ್ತದೆ. ರಿಂಗ್ ಗರ್ಭಕೋಶದ ಹೊರಗೆ, ಅದರ ಬಾಯಿಯ ಸುತ್ತ, ಯೋನಿಯ ಮೇಲ್ಭಾಗದಲ್ಲಿ ಕೂರುತ್ತದೆ. ಇದು ಗರ್ಭವನ್ನು ತಡೆಯುವುದಿಲ್ಲ, ಜಾರಿದ್ದನ್ನು ವಾಸಿಮಾಡುವುದೂ ಇಲ್ಲ. ಒಳಗಿರುವಷ್ಟು ಹೊತ್ತು ಆಸರೆ ಕೊಡುತ್ತದೆ, ತೆಗೆದರೆ ಗರ್ಭಕೋಶ ಮೊದಲಿನಂತೆ ಕೆಳಗಿಳಿಯುತ್ತದೆ. ಕನ್ನಡಕ ಕಣ್ಣನ್ನು ವಾಸಿಮಾಡದಿದ್ದರೂ ದಿನದ ಕೆಲಸಕ್ಕೆ ಒದಗುವ ಹಾಗೆ.

ಗರ್ಭಕೋಶವನ್ನು ಅದರ ಜಾಗದಲ್ಲಿ ಹಿಡಿದಿಡುವುದು ಎರಡು: ಮೇಲಿನಿಂದ ಮತ್ತು ಪಕ್ಕದಿಂದ ಕಟ್ಟಿದ ಹಗ್ಗಗಳಂಥ ಅಸ್ಥಿರಜ್ಜುಗಳು, ಕೆಳಗಿನಿಂದ ತೊಟ್ಟಿಲಿನಂತೆ ಹೊತ್ತುಕೊಂಡಿರುವ ಶ್ರೋಣಿ ತಳದ ಸ್ನಾಯುಗಳು. ಹೆರಿಗೆಯಲ್ಲಿ, ಅದರಲ್ಲೂ ಬಹಳ ಹೊತ್ತು ಮುಕ್ಕಿದ ಹೆರಿಗೆಗಳಲ್ಲಿ, ಈ ಸ್ನಾಯುಗಳು ಹಿಗ್ಗುತ್ತವೆ, ಕೆಲವೊಮ್ಮೆ ಹರಿಯುತ್ತವೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಎಂಬ ಹಾರ್ಮೋನು ಕಡಿಮೆಯಾಗಿ ಅಲ್ಲಿನ ಪದರ ತೆಳುವಾಗುತ್ತದೆ. ಇದರ ಜೊತೆಗೆ ವರ್ಷಗಟ್ಟಲೆ ಹೊತ್ತ ಭಾರ, ಬಿಡದ ಕೆಮ್ಮು ಮತ್ತು ಮಲಬದ್ಧತೆ ಸೇರಿದರೆ ಗರ್ಭಕೋಶ ಮೆಲ್ಲಗೆ ಕೆಳಗಿಳಿಯುತ್ತದೆ. ಬೆಳಿಗ್ಗೆ ಏನೂ ಅನ್ನಿಸದು. ಸಂಜೆಯ ಹೊತ್ತಿಗೆ ಕೆಳಗೆ ಭಾರ, ಸೊಂಟ ಸೆಳೆತ, ತೊಳೆದುಕೊಳ್ಳುವಾಗ ಕೈಗೆ ಗಡ್ಡೆ ಸಿಕ್ಕಂತೆ. ಅನೇಕರು ಇದನ್ನು ವರ್ಷಗಳ ಕಾಲ ಮನೆಯಲ್ಲಿ ಯಾರಿಗೂ ಹೇಳದೆ, ಆ ಗಡ್ಡೆಯನ್ನು ಕೈಯಿಂದ ಒಳಗೆ ತಳ್ಳಿಕೊಂಡು ಕೆಲಸ ಮುಂದುವರಿಸಿರುತ್ತಾರೆ. ಹೇಳಿಕೊಳ್ಳಲು ಸಂಕೋಚಪಡುವಂಥದ್ದು ಇದರಲ್ಲಿ ಏನೂ ಇಲ್ಲ. ಇದು ಹೆತ್ತ ಮೈಯ, ದುಡಿದ ಮೈಯ ತೊಂದರೆ.

ರಿಂಗ್ ನಿಲ್ಲುವುದು ಹೇಗೆ ಎಂಬುದು ತಿಳಿದರೆ ಮುಂದಿನ ಮಾತುಗಳೆಲ್ಲ ಸುಲಭವಾಗಿ ಅರ್ಥವಾಗುತ್ತವೆ. ಯೋನಿ ನೆಟ್ಟಗಿನ ಕೊಳವೆಯಲ್ಲ. ಹಿಂದಕ್ಕೆ ಓರೆಯಾಗಿ ಸಾಗಿ, ತುದಿಯಲ್ಲಿ ಅಗಲವಾಗುತ್ತದೆ. ಬಾಗಿಲು ಕಿರಿದು, ಒಳಗೆ ವಿಶಾಲ. ರಿಂಗಿನ ಹಿಂಬದಿಯ ಅಂಚು ಗರ್ಭಕೋಶದ ಬಾಯಿಯ ಹಿಂದಿರುವ ಗುಂಡಿಯಂಥ ಜಾಗದಲ್ಲಿ ಕೂರುತ್ತದೆ, ಮುಂಬದಿಯ ಅಂಚು ಮೂತ್ರಕೋಶದ ಮುಂದಿರುವ ಎಲುಬಿನ ಹಿಂದೆ ಸಿಕ್ಕಿಕೊಳ್ಳುತ್ತದೆ. ಗರ್ಭಕೋಶದ ಬಾಯಿ ಉಂಗುರದ ನಡುವಿನ ತೂತಿನೊಳಕ್ಕೆ ಬರುತ್ತದೆ. ಒಳಗೆ ಅಡ್ಡಡ್ಡ ಬಿಚ್ಚಿಕೊಂಡ ಉಂಗುರ ಕಿರಿದಾದ ಬಾಗಿಲಿನಿಂದ ಹಾಗೇ ಜಾರಿ ಬರಲಾರದು. ಅಂದರೆ ರಿಂಗಿಗೂ ಕೆಳಗಿನ ಸ್ನಾಯುಗಳು ಒಂದಿಷ್ಟಾದರೂ ಗಟ್ಟಿಯಿರಬೇಕು. ಬಾಗಿಲೇ ತೀರ ಅಗಲವಾಗಿ ಹೋಗಿರುವವರಲ್ಲಿ ಎಷ್ಟು ದೊಡ್ಡ ರಿಂಗ್ ಹಾಕಿದರೂ ನಿಲ್ಲದಿರುವುದು ಇದೇ ಕಾರಣಕ್ಕೆ. ಅಂಥವರಿಗೆ ಬೇರೆ ಆಕಾರದ ಪೆಸರಿ ಅಥವಾ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.

ಒಳಗಿನಿಂದ ಆಸರೆ ಕೊಡುವ ಉಪಾಯ ಹೊಸದೇನಲ್ಲ. ಪ್ರಾಚೀನ ಗ್ರೀಕ್ ವೈದ್ಯರು ಇದಕ್ಕೆ ಅರ್ಧ ಹೆಚ್ಚಿದ ದಾಳಿಂಬೆಯನ್ನು ಬಳಸುತ್ತಿದ್ದರು. ಈಗ ಮುಖ್ಯವಾಗಿ ಸಿಗುವುದು ಎರಡು ಬಗೆ. ಒಂದು ಪಿವಿಸಿ ಎಂಬ ಪ್ಲಾಸ್ಟಿಕ್ಕಿನ ಬಿಳಿ ಉಂಗುರ: ಬೆಲೆ ಕಡಿಮೆ, ಸ್ವಲ್ಪ ಬಿರುಸು, ಬಿಸಿನೀರಿನಲ್ಲಿ ಅದ್ದಿದರೆ ಮೆತ್ತಗಾಗುತ್ತದೆ. ಮತ್ತೊಂದು ಸಿಲಿಕೋನಿನದು: ಮೆತ್ತಗಿದ್ದು ಸುಲಭವಾಗಿ ಮಡಚಿಕೊಳ್ಳುತ್ತದೆ, ವಾಸನೆ ಹಿಡಿಯುವುದು ಕಡಿಮೆ, ತೊಳೆದು ತೊಳೆದು ಬಹಳ ಕಾಲ ಬಳಸಬಹುದು. ಕೆಲವು ಸಿಲಿಕೋನ್ ರಿಂಗುಗಳ ನಡುವೆ ತೂತುಗಳಿರುವ ತೆಳು ಪರದೆಯೂ ಇರುತ್ತದೆ; ಗರ್ಭಕೋಶದ ಜೊತೆಗೆ ಮೂತ್ರಕೋಶದ ಭಾಗವೂ ಇಳಿದಿದ್ದರೆ ಅದು ಅನುಕೂಲ.

ಎಲ್ಲಕ್ಕಿಂತ ಮುಖ್ಯವಾದದ್ದು ಅಳತೆ. ರಿಂಗುಗಳ ಅಳತೆಯನ್ನು ಅಡ್ಡಗಲದಿಂದ, ಮಿಲಿಮೀಟರಿನಲ್ಲಿ ಹೇಳುತ್ತಾರೆ. ಸುಮಾರು 50ರಿಂದ 110 ಮಿ.ಮೀ. ತನಕ ಇರುತ್ತವೆ; ಹೆಚ್ಚು ಜನರಿಗೆ ಒಪ್ಪುವುದು 60ರಿಂದ 80ರ ನಡುವಿನವು. ಕಣ್ಣಂದಾಜಿಗೆ ಬೇಕಿದ್ದರೆ, ಬಳೆ ಅಂಗಡಿಯಲ್ಲಿ 2-8 ಎನ್ನುವ ಬಳೆಯ ಒಳಗಲ 63.5 ಮಿ.ಮೀ.; ಸಾಮಾನ್ಯ ರಿಂಗ್ ಹೆಚ್ಚುಕಡಿಮೆ ಆ ಗಾತ್ರದ್ದು. ಅಳತೆ ನೋಡುವ ಬಗೆಯೂ ಬಳೆಗಾರನದ್ದೇ. ಅವನು ಕೈಯನ್ನು ಹಿಡಿದು ಅದುಮಿ ಅಂದಾಜು ಮಾಡಿ, ಒಂದನ್ನು ತೊಡಿಸಿ ನೋಡಿ, ಬಿಗಿಯಾದರೆ ಬೇರೆ ತೆಗೆಯುತ್ತಾನೆ. ಇಲ್ಲಿಯೂ ಒಂದೇ ಸಲಕ್ಕೆ ಅಳತೆ ಸಿಕ್ಕದಿದ್ದರೆ ವೈದ್ಯರಿಗೆ ಕೈಚಳಕವಿಲ್ಲ ಎಂದರ್ಥವಲ್ಲ. ಎರಡು ಮೂರು ರಿಂಗ್ ಹಾಕಿ ತೆಗೆದು ನೋಡುವುದು ಈ ಚಿಕಿತ್ಸೆಯ ಭಾಗವೇ.

ಹಾಕುವ ಮೊದಲು ಕೆಲವು ವಿಷಯ ಖಾತ್ರಿಯಾಗಬೇಕು. ಬಹಳ ಕಾಲ ಹೊರಗೇ ಇದ್ದ ಗರ್ಭಕೋಶ ಬಟ್ಟೆಗೆ ಉಜ್ಜಿ ಉಜ್ಜಿ ಹುಣ್ಣಾಗಿರಬಹುದು. ಆ ಹುಣ್ಣು ಮಾಯುವ ತನಕ ರಿಂಗ್ ಹಾಕುವುದಿಲ್ಲ. ಗರ್ಭಕೋಶವನ್ನು ಒಳಗೆ ಸೇರಿಸಿ ಔಷಧಿ ಅದ್ದಿದ ಬಟ್ಟೆಯ ಪಟ್ಟಿಯನ್ನು ಇಟ್ಟು ಕೆಲವು ದಿನ ಕಾಯುತ್ತಾರೆ. ಸೋಂಕಿದ್ದರೆ ಮೊದಲು ಅದಕ್ಕೆ ಔಷಧಿ. ಮುಟ್ಟು ನಿಂತ ಮೇಲೂ ರಕ್ತ ಕಾಣಿಸಿಕೊಂಡಿದ್ದರೆ ಅದರ ಕಾರಣ ಪತ್ತೆಯಾಗುವವರೆಗೆ ರಿಂಗಿನ ಮಾತೇ ಇಲ್ಲ. ಇನ್ನೊಂದು ಪ್ರಶ್ನೆಯನ್ನು ಒಳ್ಳೆಯ ವೈದ್ಯರು ತಪ್ಪದೆ ಕೇಳುತ್ತಾರೆ: ಮತ್ತೆ ತಪಾಸಣೆಗೆ ಬರಲು ಆಗುತ್ತದೆಯೇ? ಆಗದು ಎಂದಾದರೆ, ಆಕೆಗೇ ತೆಗೆದು ಹಾಕಲು ಕಲಿಸಲೂ ಸಾಧ್ಯವಿಲ್ಲ ಎಂದಾದರೆ, ರಿಂಗ್ ಹಾಕದಿರುವುದೇ ಲೇಸು.

ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಕಾಣುವಂಥ ಒಬ್ಬ ಮಹಿಳೆಯನ್ನು ಕಲ್ಪಿಸಿಕೊಂಡು ಈ ಕ್ರಮವನ್ನು ಹಂತಹಂತವಾಗಿ ನೋಡಬಹುದು. ಆಕೆಗೆ 64 ವರ್ಷ, ಮೂರು ಹೆರಿಗೆ, ಹೊಲದ ಕೆಲಸ. ಸಂಜೆ ಹೊತ್ತಿಗೆ ಗರ್ಭಕೋಶದ ಬಾಯಿ ಹೊರಗೆ ಕಾಣುತ್ತದೆ. ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವುದರಿಂದ ಶಸ್ತ್ರಚಿಕಿತ್ಸೆಯನ್ನು ಸದ್ಯಕ್ಕೆ ಮುಂದೂಡಿದ್ದಾರೆ.

ಮೂತ್ರ ಮಾಡಿ ಬರಲು ಹೇಳಿ, ಮಂಚದ ಮೇಲೆ ಮೊಣಕಾಲು ಮಡಚಿ ಮಲಗಿಸುತ್ತಾರೆ. ಅರಿವಳಿಕೆ ಬೇಕಿಲ್ಲ, ಹೊಲಿಗೆಯಿಲ್ಲ. ವೈದ್ಯೆ ಎರಡು ಬೆರಳುಗಳನ್ನು ಒಳಗಿಟ್ಟು, ನಡುಬೆರಳ ತುದಿಯನ್ನು ಗರ್ಭಕೋಶದ ಬಾಯಿಯ ಹಿಂದಿನ ಗುಂಡಿಗೆ ಮುಟ್ಟಿಸುತ್ತಾರೆ. ಮುಂದಿನ ಎಲುಬಿನ ಅಂಚು ತೋರುಬೆರಳನ್ನು ಎಲ್ಲಿ ಮುಟ್ಟುತ್ತದೆ ಎಂದು ಗುರುತಿಟ್ಟುಕೊಳ್ಳುತ್ತಾರೆ. ಆ ಎರಡರ ನಡುವಿನ ದೂರವೇ ರಿಂಗಿನ ಅಂದಾಜು ಅಳತೆ. ಈಕೆಗೆ 65 ಅನ್ನಿಸಿತು. ರಿಂಗನ್ನು ಅದುಮಿ ಎಂಟರ ಅಂಕಿಯ ಹಾಗೆ ಕಿರಿದು ಮಾಡಿ, ಮುಂದಿನ ತುದಿಗೆ ಜೆಲ್ಲಿ ಸವರಿ, ಹಿಂದಕ್ಕೆ ಕೆಳಮುಖವಾಗಿ ಒಳಗೆ ನೂಕುತ್ತಾರೆ. ಬಾಗಿಲು ದಾಟುವಾಗ ಒಂದು ಕ್ಷಣ ಬಿಗಿತ ಅಥವಾ ಚುರುಕ್ ಎಂದ ಹಾಗೆ ಆಗಬಹುದು. ದಾಟಿದೊಡನೆ ಉಂಗುರ ತಾನೇ ಬಿಚ್ಚಿಕೊಳ್ಳುತ್ತದೆ. ವೈದ್ಯೆ ಬೆರಳಿನಿಂದ ಹಿಂದಿನ ಅಂಚನ್ನು ಹಿಂದಕ್ಕೂ ಮುಂದಿನ ಅಂಚನ್ನು ಎಲುಬಿನ ಹಿಂದಕ್ಕೂ ಸರಿಸಿ ಕೂರಿಸುತ್ತಾರೆ.

ಈಗ ಪರೀಕ್ಷೆ. ಕೆಮ್ಮಿಸಿದಾಗ 65ರ ರಿಂಗ್ ಬಾಗಿಲ ತನಕ ಇಳಿದು ಬಂತು. ಅದನ್ನು ತೆಗೆದು 71 ಹಾಕಿದರು. ಅದು ಅಲ್ಲಾಡಲಿಲ್ಲ, ಆದರೆ ರಿಂಗಿಗೂ ಯೋನಿಯ ಗೋಡೆಗೂ ನಡುವೆ ಬೆರಳು ಹೋಗಲಿಲ್ಲ. ಅಷ್ಟು ಬಿಗಿಯಿದ್ದರೆ ಗೋಡೆಯ ಮೇಲೆ ಒಂದೇ ಕಡೆ ಒತ್ತಡ ಬಿದ್ದು ರಕ್ತ ಸಂಚಾರ ಕುಗ್ಗುತ್ತದೆ, ದಿನಗಳೆದಂತೆ ಅಲ್ಲಿ ಹುಣ್ಣಾಗುತ್ತದೆ. ಕೊನೆಗೆ 68 ಸರಿಹೋಯಿತು: ಸುತ್ತಲೂ ಒಂದು ಬೆರಳು ಸಲೀಸಾಗಿ ಆಡಿತು, ಕೆಮ್ಮಿದರೂ ಇಳಿಯಲಿಲ್ಲ. ಆಮೇಲೆ ಆಕೆಯನ್ನು ಎಬ್ಬಿಸಿ ಓಡಾಡಿಸಿ, ಕುಕ್ಕರಗಾಲಲ್ಲಿ ಕೂರಿಸಿ, ಮೂತ್ರ ಮಾಡಿ ಬರಲು ಕಳಿಸಿದರು. ಈ ಕೊನೆಯದನ್ನು ಬಿಟ್ಟು ಯಾರನ್ನೂ ಮನೆಗೆ ಕಳಿಸಬಾರದು. ದೊಡ್ಡದಾದ ರಿಂಗ್ ಮೂತ್ರನಾಳವನ್ನು ಒತ್ತಿದರೆ ಮೂತ್ರ ಕಟ್ಟಿಕೊಳ್ಳುತ್ತದೆ, ಅದು ಅಲ್ಲೇ ಗೊತ್ತಾಗಬೇಕು.

ಸರಿಯಾದ ರಿಂಗಿನ ಗುರುತು ಒಂದೇ: ಒಳಗಿದೆ ಎಂಬುದೇ ಗೊತ್ತಾಗಬಾರದು. ನೋವು, ಚುಚ್ಚಿದಂತೆ, ಒತ್ತಿದಂತೆ ಅನ್ನಿಸಿದರೆ ಅಳತೆ ತಪ್ಪಿದೆ. ಹೊಸ ಚಪ್ಪಲಿಯ ಹಾಗೆ ನಾಲ್ಕು ದಿನ ಕಚ್ಚಿ ಆಮೇಲೆ ಹೊಂದಿಕೊಳ್ಳುತ್ತದೆ ಎಂದು ಸಹಿಸಿಕೊಳ್ಳುವುದು ತಪ್ಪು.

ಮನೆಗೆ ಹೋದ ಮೇಲೆ ರಿಂಗ್ ಜಾರುವ ಸಂಭವ ಹೆಚ್ಚಿರುವುದು ಕಕ್ಕಸಿನಲ್ಲಿ. ಕುಕ್ಕರಗಾಲಲ್ಲಿ ಕೂತಾಗ ಬಾಗಿಲು ಅಗಲವಾಗುತ್ತದೆ, ತಿಣುಕಿದಾಗ ಮೇಲಿನಿಂದ ಒತ್ತಡ ಬೀಳುತ್ತದೆ. ಹೀಗಾಗಿ ಮಲಬದ್ಧತೆ ಇರುವವರಿಗೆ ರಿಂಗಿನ ಜೊತೆಗೆ ಅದಕ್ಕೂ ಔಷಧಿ ಬೇಕು. ಸೊಪ್ಪು, ತರಕಾರಿ, ನೀರು ಸಾಕಷ್ಟಿರಬೇಕು. ತಿಣುಕುವುದು ಅನಿವಾರ್ಯವಾದಾಗ ಯೋನಿಯ ಬಾಯಿಗೆ ಬೆರಳುಗಳನ್ನು ಅಡ್ಡ ಹಿಡಿದುಕೊಂಡರೆ ರಿಂಗ್ ನಿಲ್ಲುತ್ತದೆ. ಬಿದ್ದುಹೋದರೆ ಗಾಬರಿಪಡಬೇಕಿಲ್ಲ. ಗುಂಡಿಗೆ ಬೀಳದೆ ಕೈಗೆ ಸಿಕ್ಕಿದ್ದರೆ ತೊಳೆದು ಒಂದು ಡಬ್ಬಿಯಲ್ಲಿಟ್ಟು ಆಸ್ಪತ್ರೆಗೆ ತರಬೇಕು; ಅದರ ಅಳತೆ ನೋಡಿದರೆ ಮುಂದಿನದನ್ನು ಆರಿಸುವುದು ಸುಲಭ. ಗಂಡನ ಜೊತೆ ಕೂಡಲು ರಿಂಗ್ ಅಡ್ಡಿಯಲ್ಲ. ಹಾಗೇ ಇಟ್ಟುಕೊಳ್ಳಬಹುದು, ಇಬ್ಬರಲ್ಲಿ ಯಾರಿಗಾದರೂ ಇರುಸುಮುರುಸಾದರೆ ಮೊದಲೇ ತೆಗೆದಿಡಬಹುದು. ಮುಟ್ಟು ಇನ್ನೂ ನಿಲ್ಲದವರು ಆ ದಿನಗಳಲ್ಲೂ ಇಟ್ಟುಕೊಳ್ಳಬಹುದು.

ಮೊದಲ ಮರುತಪಾಸಣೆ ಕೆಲವೇ ವಾರಗಳಲ್ಲಿ. ಆಮೇಲೆ, ತಾನೇ ತೆಗೆದು ಹಾಕಿಕೊಳ್ಳದವರಿಗೆ, ಸಾಮಾನ್ಯವಾಗಿ 3ರಿಂದ 6 ತಿಂಗಳಿಗೊಮ್ಮೆ. ಪಿವಿಸಿ ರಿಂಗನ್ನು ಈ ಭೇಟಿಯಲ್ಲಿ ಬದಲಿಸುವುದು ವಾಡಿಕೆ, ಏಕೆಂದರೆ ಅದು ದಿನಗಳೆದಂತೆ ಬಿರುಸಾಗಿ ಬಣ್ಣಗೆಡುತ್ತದೆ. ಸಿಲಿಕೋನಿನದನ್ನು ತೊಳೆದು, ಬಿರುಕಿಲ್ಲದಿದ್ದರೆ ಅದನ್ನೇ ಹಾಕುತ್ತಾರೆ. ಆದರೆ ಈ ಭೇಟಿಯ ಮುಖ್ಯ ಕೆಲಸ ರಿಂಗ್ ತೊಳೆಯುವುದಲ್ಲ. ರಿಂಗ್ ಹೊರಗಿರುವ ಆ ಕೆಲವು ನಿಮಿಷಗಳಲ್ಲಿ ದೀಪ ಹಿಡಿದು ಯೋನಿಯ ಗೋಡೆಯನ್ನು, ಅದರಲ್ಲೂ ರಿಂಗಿನ ಹಿಂಬದಿ ಒತ್ತುವ ಜಾಗವನ್ನು ಪೂರ್ತಿ ನೋಡುವುದು. ರಿಂಗ್ ತೆಗೆದು, ತೊಳೆದು, ಒಳಗೆ ನೋಡದೇ ಮತ್ತೆ ಹಾಕಿದರೆ ಆ ಭೇಟಿ ಅರ್ಧವೇ ಆದಂತೆ. ನೋಡಿದಿರಾ ಎಂದು ಕೇಳುವ ಹಕ್ಕು ಪ್ರತಿ ಹೆಂಗಸಿಗೂ ಇದೆ.

ಮನೆಯಲ್ಲೇ ತೆಗೆದು ತೊಳೆದು ಹಾಕಿಕೊಳ್ಳಲು ಕಲಿಯುವುದು ಇನ್ನೂ ಒಳ್ಳೆಯದು. ಬ್ರಿಟನ್ನಿನಲ್ಲಿ 340 ಮಹಿಳೆಯರನ್ನು ಎರಡು ಗುಂಪು ಮಾಡಿ ನಡೆಸಿದ, ಟಾಪ್ಸಿ ಎಂಬ ಹೆಸರಿನ ಅಧ್ಯಯನದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ತಾವೇ ನೋಡಿಕೊಂಡವರ ನೆಮ್ಮದಿ, ಆಸ್ಪತ್ರೆಗೆ ಹೋಗಿ ಬದಲಿಸಿಕೊಂಡವರ ನೆಮ್ಮದಿಗಿಂತ ಕಡಿಮೆಯೇನೂ ಇರಲಿಲ್ಲ; ತೊಂದರೆಗಳು ಅವರಲ್ಲೇ ಕಡಿಮೆಯಿದ್ದವು.

ತೆಗೆಯುವ ಕ್ರಮ ಹೀಗೆ. ಉಗುರು ಕತ್ತರಿಸಿರಬೇಕು, ಕೈಯನ್ನು ಸೋಪಿನಿಂದ ತೊಳೆದಿರಬೇಕು. ಒಂದು ಕಾಲನ್ನು ಸ್ಟೂಲಿನ ಮೇಲಿಟ್ಟು ನಿಂತೋ, ಕುಕ್ಕರಗಾಲಲ್ಲಿ ಕೂತೋ, ಮಲಗಿಯೋ, ಯಾವುದು ಸಲೀಸೋ ಅದು. ತೋರುಬೆರಳನ್ನು ಒಳಗೆ ಹಾಕಿದರೆ ಮುಂದಿನ ಎಲುಬಿನ ಹಿಂದೆ ರಿಂಗಿನ ಅಂಚು ಸಿಗುತ್ತದೆ. ಸಿಗದಿದ್ದರೆ ಸ್ವಲ್ಪ ಮುಕ್ಕಿದರೆ ತಾನೇ ಕೆಳಗೆ ಬರುತ್ತದೆ. ಬೆರಳನ್ನು ಕೊಕ್ಕೆ ಮಾಡಿ ಅಂಚಿಗೆ ಸಿಕ್ಕಿಸಿ, ಉಸಿರು ಬಿಡುತ್ತಾ ಕೆಳಕ್ಕೆ ಮೆಲ್ಲಗೆ ಎಳೆಯಬೇಕು. ಮಡಚುವ ಗುರುತಿರುವ ಸಿಲಿಕೋನ್ ರಿಂಗ್ ಆದರೆ ಆ ಗುರುತು ಬಾಗಿಲ ಕಡೆಗೆ ಬರುವಂತೆ ತಿರುಗಿಸಿಕೊಂಡರೆ ಸುಲಭವಾಗಿ ಬಾಗುತ್ತದೆ. ಮೊದಲ ಒಂದೆರಡು ಸಲವನ್ನು ಆಸ್ಪತ್ರೆಯಲ್ಲೇ, ನರ್ಸಿನ ಎದುರಿಗೆ ಮಾಡಿ ಕಲಿಯಬೇಕು.

ತೊಳೆಯಲು ಉಗುರುಬೆಚ್ಚಗಿನ ನೀರು ಮತ್ತು ವಾಸನೆಯಿಲ್ಲದ ಸೌಮ್ಯ ಸೋಪು ಸಾಕು. ಬಟ್ಟೆ ಸೋಪು, ಪಾತ್ರೆ ಪುಡಿ, ಬ್ಲೀಚಿಂಗ್, ಡೆಟಾಲಿನಂಥ ದ್ರಾವಣ ಯಾವುದೂ ಬೇಡ. ಇವು ರಿಂಗಿನಲ್ಲಿ ಉಳಿದು ಒಳಗಿನ ತೆಳು ಪದರವನ್ನು ಸುಡುತ್ತವೆ. ಸೋಪಿನ ಜಾರು ಪೂರ್ತಿ ಹೋಗುವಂತೆ ತೊಳೆದು, ಶುಭ್ರವಾದ ಹತ್ತಿ ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದು ಬಿರುಕು ಇದೆಯೇ, ಎಲ್ಲಾದರೂ ಗಟ್ಟಿಯಾಗಿದೆಯೇ ಎಂದು ನೋಡಬೇಕು. ಬಿರುಕಿದ್ದರೆ ಅದನ್ನು ಮತ್ತೆ ಹಾಕಬಾರದು. ಯೋನಿಯ ಒಳಗೆ ನೀರು ಹಾಯಿಸಿ ತೊಳೆಯುವ ಅಗತ್ಯವಿಲ್ಲ. ವಾರಕ್ಕೊಮ್ಮೆ ರಾತ್ರಿ ತೆಗೆದು ಬೆಳಿಗ್ಗೆ ಏಳುವಾಗ ಹಾಕಿಕೊಂಡರೆ ಗೋಡೆಗೆ ಒಂದು ರಾತ್ರಿಯ ಬಿಡುವು ಸಿಗುತ್ತದೆ. ವಾರಕ್ಕೊಮ್ಮೆ ಆಗದವರು ತಿಂಗಳಿಗೊಮ್ಮೆಯಾದರೂ ಮಾಡಬಹುದು.

ಮುಟ್ಟು ನಿಂತವರಿಗೆ ವೈದ್ಯರು ಹೆಚ್ಚಾಗಿ ಈಸ್ಟ್ರೋಜನ್ ಮುಲಾಮನ್ನೂ ಕೊಡುತ್ತಾರೆ: ಮೊದಲ ಎರಡು ವಾರ ದಿನವೂ ರಾತ್ರಿ, ಆಮೇಲೆ ವಾರಕ್ಕೆ ಎರಡು ಸಲ ಯೋನಿಯೊಳಗೆ. ತೆಳುವಾಗಿ ಒಣಗಿದ ಪದರ ಇದರಿಂದ ಮತ್ತೆ ದಪ್ಪವಾಗುತ್ತದೆ, ರಿಂಗಿನ ಉಜ್ಜುವಿಕೆಯನ್ನು ತಾಳಿಕೊಳ್ಳುತ್ತದೆ. ಸ್ತನದ ಕ್ಯಾನ್ಸರ್ ಆಗಿದ್ದವರು ಅದನ್ನು ಮೊದಲೇ ಹೇಳಬೇಕು.

ಕಲ್ಪನೆಯ ಆ ಮಹಿಳೆಗೆ ಮೂರು ತಿಂಗಳು ಎಲ್ಲ ಚೆನ್ನಾಗಿತ್ತು. ಹೊಲಕ್ಕೆ ಹೋದರು, ಬಸ್ಸಿನಲ್ಲಿ ಓಡಾಡಿದರು. ಒಂದೇ ಕಿರಿಕಿರಿ, ಕೆಮ್ಮಿದರೆ ನಾಲ್ಕು ಹನಿ ಮೂತ್ರ ಸೋರುವುದು. ಇದು ರಿಂಗ್ ಹಾಳುಮಾಡಿದ್ದಲ್ಲ. ಗರ್ಭಕೋಶ ಕೆಳಗಿದ್ದಾಗ ಮೂತ್ರನಾಳ ಮಡಚಿಕೊಂಡು ಸೋರಿಕೆ ಮುಚ್ಚಿಹೋಗಿತ್ತು. ನೆಟ್ಟಗಾದ ಮೇಲೆ ಅದು ಬಯಲಾಯಿತು. ಸ್ನಾಯುಗಳ ವ್ಯಾಯಾಮ, ಬೇರೆ ಬಗೆಯ ರಿಂಗ್ ಇವುಗಳಿಂದ ಅದನ್ನು ಕಡಿಮೆ ಮಾಡಬಹುದು. ಮುಲಾಮು ಮಾತ್ರ ಮುಗಿದ ಮೇಲೆ ಮತ್ತೆ ತಂದಿರಲಿಲ್ಲ. ನಾಲ್ಕನೆಯ ತಿಂಗಳು ಒಳಲಂಗದಲ್ಲಿ ಕಂದುಬಣ್ಣದ ಕಲೆ ಕಂಡಿತು. ಅವರು ಮಾಡಿದ ಒಳ್ಳೆಯ ಕೆಲಸವೆಂದರೆ ಮುಂದಿನ ತಾರೀಕಿಗೆ ಕಾಯದೆ ಮರುದಿನವೇ ಹೋದದ್ದು. ರಿಂಗ್ ತೆಗೆದು ನೋಡಿದಾಗ ಹಿಂದಿನ ಗೋಡೆಯ ಮೇಲೆ ಕಡಲೆಕಾಳಿನಷ್ಟು ಅಗಲದ, ತರಚಿದಂಥ ಕೆಂಪು ಜಾಗ. ಮೂರು ವಾರ ರಿಂಗ್ ಹೊರಗಿಟ್ಟು ಮುಲಾಮು ಹಚ್ಚಿಸಿದರು, ಅದು ಮಾಯಿತು. ಅಷ್ಟರಲ್ಲಿ ರಕ್ತಕ್ಕೆ ಬೇರೆ ಕಾರಣವಿಲ್ಲವೆಂದು ಸ್ಕ್ಯಾನ್ ಮಾಡಿ ಗರ್ಭಕೋಶದ ಒಳಪದರವನ್ನೂ ನೋಡಿದರು. ಆಮೇಲೆ 65ನ್ನು ಮತ್ತೆ ಪ್ರಯತ್ನಿಸಿ, ನಿಲ್ಲದ್ದರಿಂದ 68ನ್ನೇ ಹಾಕಿ, ಮುಂದಿನ ತಪಾಸಣೆಯನ್ನು ಎರಡು ತಿಂಗಳಿಗೆ ತಂದರು.

ಬಿಳಿಸೆರಗು ಸ್ವಲ್ಪ ಹೆಚ್ಚುವುದು ರಿಂಗ್ ಇರುವವರಲ್ಲಿ ಸಹಜ. ನೀರಾಗಿ ಅಥವಾ ಬಿಳಿಯಾಗಿದ್ದು, ವಾಸನೆ ತುರಿಕೆ ಇಲ್ಲದಿದ್ದರೆ ಅದಕ್ಕೆ ಔಷಧಿ ಬೇಡ. ಕೆಟ್ಟ ವಾಸನೆ ಬಂದರೆ, ಹಸಿರು ಹಳದಿಯಾಗಿ ಕೀವಿನಂತಾದರೆ, ತುರಿಕೆಯಿದ್ದರೆ ಕೆಲವೇ ದಿನಗಳಲ್ಲಿ ತೋರಿಸಬೇಕು. ರಕ್ತ ಎಷ್ಟೇ ಕಡಿಮೆಯಿರಲಿ, ಮುಟ್ಟು ನಿಂತವರಲ್ಲಿ ಒಂದು ಹನಿಯಾದರೂ ಹೇಳಬೇಕು. ಅದು ಹೆಚ್ಚಾಗಿ ತರಚಿದ ಗಾಯದ್ದೇ. ಆದರೆ ಕ್ಯಾನ್ಸರಿನ ಮೊದಲ ಸೂಚನೆಯೂ ಹೀಗೆಯೇ ಇರಬಹುದಾದ್ದರಿಂದ, ರಿಂಗಿನಿಂದ ಇರಬೇಕು ಎಂದು ಮನೆಯಲ್ಲೇ ತೀರ್ಮಾನ ಮಾಡಿಕೊಳ್ಳಬಾರದು. ಉರಿಮೂತ್ರ ಪದೇ ಪದೇ ಬಂದರೂ, ಮಲವಿಸರ್ಜನೆಗೆ ಹೊಸದಾಗಿ ತಡೆಯಾದರೂ, ರಿಂಗ್ ಮತ್ತೆ ಮತ್ತೆ ಜಾರಿದರೂ ಅಳತೆಯನ್ನು ಮತ್ತೆ ನೋಡಬೇಕಾಗುತ್ತದೆ.

ಕೆಲವು ತೊಂದರೆಗಳು ಅದೇ ದಿನ ಆಸ್ಪತ್ರೆಗೆ ಹೋಗಬೇಕಾದಂಥವು. ಮೂತ್ರ ಬರುವಂತಾಗಿಯೂ ಬರದೆ ಹೊಟ್ಟೆಯ ಕೆಳಭಾಗ ಬಿಗಿದು ನೋಯುತ್ತಿದ್ದರೆ ಅದು ಮೊದಲನೆಯದು. ತೆಗೆಯಲು ಬರುವವರು ರಿಂಗನ್ನು ತೆಗೆದುಬಿಟ್ಟು ಹೊರಡಬಹುದು. ಜ್ವರ, ಚಳಿಯ ಜೊತೆ ಕೆಳಹೊಟ್ಟೆ ನೋವು ಇದ್ದರೆ, ರಕ್ತ ಧಾರೆಯಾಗಿ ಹೋದರೆ, ಎಳೆದರೂ ರಿಂಗ್ ಕದಲದಿದ್ದರೆ ಕೂಡ ಹಾಗೆಯೇ. ಕದಲದ ರಿಂಗನ್ನು ಮನೆಯಲ್ಲಿ ಜೋರಾಗಿ ಎಳೆಯಬಾರದು.

ರಿಂಗಿನಿಂದ ಆಗುವ ದೊಡ್ಡ ಅನಾಹುತಗಳು ಬಹುಪಾಲು ಮರೆತ ರಿಂಗಿನಿಂದ ಆಗುವಂಥವು. ಇರುವುದೇ ಗೊತ್ತಾಗದಿರುವುದು ಒಳ್ಳೆಯ ರಿಂಗಿನ ಗುಣ; ಮರೆಯಲು ಕಾರಣವೂ ಅದೇ. ಹಾಕಿದ ವೈದ್ಯರು ವರ್ಗವಾಗುತ್ತಾರೆ, ಚೀಟಿ ಕಳೆದುಹೋಗುತ್ತದೆ, ಅಜ್ಜಿ ಒಬ್ಬ ಮಗನ ಮನೆಯಿಂದ ಇನ್ನೊಬ್ಬನ ಮನೆಗೆ ಹೋಗುತ್ತಾರೆ, ನೆನಪು ಮಸುಕಾಗುತ್ತದೆ. ವರ್ಷಗಟ್ಟಲೆ ಹಾಗೇ ಉಳಿದ ರಿಂಗಿನ ಸುತ್ತ ಹುಣ್ಣಾಗಿ, ಆ ಹುಣ್ಣಿನ ಮಾಂಸ ರಿಂಗಿನ ಮೇಲೆ ಬೆಳೆದು ಅದನ್ನು ಹುದುಗಿಸಿಬಿಡಬಹುದು. ಅಪರೂಪಕ್ಕೆ ಅದು ಗೋಡೆಯನ್ನೇ ಕೊರೆದು ಮೂತ್ರಕೋಶಕ್ಕೋ ಗುದನಾಳಕ್ಕೋ ತೂತು ಬೀಳುತ್ತದೆ. ಆಗ ಮೂತ್ರ ಅಥವಾ ಮಲ ಯೋನಿಯಿಂದ ಸೋರತೊಡಗುತ್ತದೆ. ಇದನ್ನು ತಪ್ಪಿಸುವ ಉಪಾಯ ಬಹಳ ಸರಳ. ಹಾಕಿದ ತಾರೀಕು, ಅಳತೆ, ಯಾವ ಬಗೆಯದು, ಮತ್ತೆ ಯಾವಾಗ ಬರಬೇಕು ಎಂಬುದನ್ನು ಒಂದು ಕಾರ್ಡಿನಲ್ಲಿ ಬರೆಸಿ ಆಧಾರ್ ಕಾರ್ಡಿನ ಜೊತೆ ಇಟ್ಟುಕೊಳ್ಳುವುದು, ಮನೆಯಲ್ಲಿ ಮಗಳಿಗೋ ಸೊಸೆಗೋ ಹೇಳಿಡುವುದು. ವಯಸ್ಸಾದ ಹೆಂಗಸಿಗೆ ಕಾರಣ ತಿಳಿಯದ ದುರ್ವಾಸನೆ, ರಕ್ತ ಕಂಡಾಗ, ಹಿಂದೆ ಯಾವಾಗಲಾದರೂ ರಿಂಗ್ ಹಾಕಿಸಿದ್ದರೇ ಎಂದು ಮನೆಯವರು ನೆನಪಿಸಿಕೊಳ್ಳಬೇಕು.

ಹುದುಗಿಹೋದ ರಿಂಗನ್ನೂ ತೆಗೆಯಬಹುದು. ಕೆಲವು ವಾರ ಈಸ್ಟ್ರೋಜನ್ ಮುಲಾಮು ಹಚ್ಚಿದರೆ ಸುತ್ತಲಿನ ಪದರ ಚೇತರಿಸಿಕೊಂಡು ಹಿಡಿತ ಸಡಿಲವಾಗುವುದುಂಟು. ಆಗಲೂ ಬರದಿದ್ದರೆ ಅರಿವಳಿಕೆ ಕೊಟ್ಟು, ಕಾಣುವ ಕಡೆ ಉಂಗುರವನ್ನು ಕತ್ತರಿಸಿ, ಒಂದು ತುದಿ ಹಿಡಿದು ದಾರದಂತೆ ಮೆಲ್ಲಗೆ ಸುತ್ತಿ ಹೊರಗೆಳೆಯುತ್ತಾರೆ. ಅದಾದ ಮೇಲೆ ಮೂತ್ರಕೋಶ ಮತ್ತು ಗುದನಾಳಕ್ಕೆ ತೂತಾಗಿಲ್ಲವೆಂದು ಪರೀಕ್ಷಿಸಿ, ಗೋಡೆ ಪೂರ್ತಿ ಮಾದ ಬಳಿಕ ಮತ್ತೆ ರಿಂಗ್ ಹಾಕಬೇಕೋ ಶಸ್ತ್ರಚಿಕಿತ್ಸೆ ಮಾಡಬೇಕೋ ಎಂಬುದನ್ನು ಆಕೆಯನ್ನು ಕೇಳಿ ನಿರ್ಧರಿಸುತ್ತಾರೆ.